ಭೀಮನಿಗೆ ಇನ್ನೂ ಒಂಬತ್ತೇ ವರ್ಷ

ಛೋಟಾ ಭೀಮ್ ಟಿ.ವಿ.ಲಿ ಬರೋಕೆ ಶುರುವಾಗಿದ್ದು 2008ರಲ್ಲಿ, ಪೋಗೋ ಚಾನಲ್‌ನಲ್ಲಿ. ಆವಾಗ ಅವನಿಗೆ ಒಂಬತ್ತು ವರ್ಷ. ಲೆಕ್ಕದ ಪ್ರಕಾರ 2024ಕ್ಕೆ ಅವನಿಗೆ ಇಪ್ಪತ್ತೈದು ತುಂಬಿ, ಹೆಣ್ಣು ನೋಡೋ ಮಾತು ಶುರುವಾಗಬೇಕಿತ್ತು. ಗುಬ್ಬಿಲಿರೋ ನನ್ನ ತಮ್ಮನ ಮಗ ಭೀಮ್ ಶುರುವಾದಾಗ ಅಂಗನವಾಡಿಗೆ ಹೋಗ್ತಿದ್ದ, ಈಗ ಡಿಗ್ರಿ ಮುಗಿಸಿ ಬೆಂಗಳೂರಲ್ಲಿ ಕೆಲಸಕ್ಕೆ ಹೋಗ್ತಾನೆ, ಗಡ್ಡ ಬಿಟ್ಟವ್ನೆ. ಭೀಮ ಮಾತ್ರ ಅದೇ ಕಿತ್ತಳೆ ಬಣ್ಣದ ಪಂಚೆ ಉಟ್ಕೊಂಡು ಢೋಲಕ್‌ಪುರದಲ್ಲಿ ಲಾಡು ತಿಂತಾ ಕೂತವ್ನೆ. ರಾಜು ಇನ್ನೂ ನಾಲ್ಕು ವರ್ಷದ ಕೂಸು.

"ಯಾಕೆ ಹಿಂಗೆ?" ಅಂದ್ರೆ ಎಲ್ರೂ ಹೇಳೋದು ಒಂದೇ ಮಾತು: "ಅಯ್ಯೋ ಬಿಡಮ್ಮ, ಅವು ಬೊಂಬೆ ಅಲ್ವಾ, ಬೊಂಬೆಗೆ ಎಲ್ಲಿ ವಯಸ್ಸಾಗ್ತದೆ." ಈ ಉತ್ತರ ನನಗೆ ಒಪ್ಪಿಗೆ ಇಲ್ಲ. ಬರೆದ ಚಿತ್ರಕ್ಕೆ ಮೀಸೆ ಬರೆಯೋಕೆ ಎಷ್ಟು ಹೊತ್ತು ಬೇಕು? ನಿಜ ಹೇಳಬೇಕಂದ್ರೆ ಮನುಷ್ಯರಿಗಿಂತ ಬೊಂಬೆಗೇ ವಯಸ್ಸು ಮಾಡೋದು ಸಲೀಸು. ಬೇಕು ಅಂತಲೇ ಬೆಳೆಸದೆ ಇಟ್ಟವ್ರೆ. ಯಾಕೆ ಅಂತ ಒಂದಷ್ಟು ತಿಳ್ಕೊಂಡಿದೀನಿ, ಅದನ್ನ ನಮ್ಮ ಮನೆ ಮಾತಲ್ಲೇ ಬರೀತೀನಿ.

ಮೊದಲು ನಮಗೆ ಗೊತ್ತಿರೋ ಧಾರಾವಾಹಿ ವಿಷಯ ತಗೊಳ್ಳಿ. 2012ರಲ್ಲಿ ಶುರುವಾದ ಪುಟ್ಟಗೌರಿ ಮದುವೆ ನೆನಪಿರಬೇಕಲ್ಲ. ಮೊದಲು ಪುಟ್ಟ ಹುಡುಗಿ ಗೌರಿ, ಆಮೇಲೆ ಒಂದು ದಿನ ಕತೆ ಇದ್ದಕ್ಕಿದ್ದಂಗೆ ವರ್ಷಗಳನ್ನ ಹಾರಿ ದೊಡ್ಡ ಗೌರಿ ಬಂದಳು. ಪಾತ್ರ ಮಾಡೋ ಮಗು ಬೆಳೀತಾ ಹೋಗ್ತದೆ, ಹಲ್ಲು ಬೀಳ್ತದೆ, ಉದ್ದ ಆಗ್ತದೆ, ದನಿ ಬದಲಾಗ್ತದೆ. ಅದನ್ನ ಹಿಡಿದು ನಿಲ್ಲಿಸೋಕೆ ಯಾವ ಡೈರೆಕ್ಟರ್ ಕೈಲೂ ಆಗಲ್ಲ. ಅಲ್ಲದೆ ಧಾರಾವಾಹಿ ನಡೆಯೋದೇ ನಿನ್ನೆ ಆಗಿದ್ದರ ಮೇಲೆ ಇವತ್ತಿಂದು ಕಟ್ಟಿ. ನಿನ್ನೆ ಅತ್ತೆ ಕೆನ್ನೆಗೆ ಹೊಡೆದಿದ್ದರೆ ಇವತ್ತು ಸೊಸೆ ಅಳ್ತಾ ಇರಬೇಕು. ಎರಡು ದಿನ ಕರೆಂಟ್ ಹೋದ್ರೆ ಪಕ್ಕದ ಮನೆಯವ್ರನ್ನ ಕೇಳಿ ಕತೆ ಕೂಡಿಸ್ಕೋಬೇಕು.

ಕಾರ್ಟೂನ್ ಕಟ್ಟೋದು ಇದಕ್ಕೆ ಉಲ್ಟಾ. ಭೀಮನ ಅರ್ಧ ಗಂಟೆ ಹೊತ್ತಲ್ಲಿ ಸಾಮಾನ್ಯವಾಗಿ ಹತ್ತು ಹನ್ನೊಂದು ನಿಮಿಷದ ಎರಡು ಕತೆ ಇರ್ತವೆ. ಒಂದೊಂದು ಕತೆಯೂ ಅಲ್ಲೇ ಹುಟ್ಟಿ ಅಲ್ಲೇ ಮುಗೀಬೇಕು. ಯಾಕಂದ್ರೆ ಚಾನಲ್‌ನವ್ರು ಅದನ್ನ ಒಂದು ಸಲ ಹಾಕಿ ಬಿಡಲ್ಲ. ಬೆಳಿಗ್ಗೆ, ಮಧ್ಯಾಹ್ನ, ರಜಾ ಬಂದ್ರೆ ದಿನವಿಡೀ ಹಾಕ್ತಾರೆ. ಹತ್ತು ವರ್ಷ ಹಳೇ ಕತೆ ಪಕ್ಕ ಹೋದ ತಿಂಗಳ ಕತೆ ಬರ್ತದೆ. ಈಗ ಒಂದು ಕತೇಲಿ ಕಾಲಿಯಾನ ಕಾಲು ಮುರೀತು ಅಂತ ಇಟ್ಕೊಳ್ಳಿ. ಆ ಮುರಿದ ಕಾಲನ್ನ ಮುಂದಿನ ಕತೆಗೂ ಒಯ್ದರೆ, ಚಾನಲ್‌ನವ್ರು ಕತೆಗಳನ್ನ ಅದೇ ಸಾಲಲ್ಲೇ ಹಾಕಬೇಕಾಗ್ತದೆ. ಸಾಲು ತಪ್ಪಿದ್ರೆ ಬೆಳಿಗ್ಗೆ ಕಟ್ಟು ಹಾಕ್ಕೊಂಡಿದ್ದವನು ಮಧ್ಯಾಹ್ನ ಮರ ಹತ್ತಿರ್ತಾನೆ, ಸಾಯಂಕಾಲ ಮತ್ತೆ ಕುಂಟ್ತಾನೆ. ನೋಡೋ ಮಗೂಗೂ ತಲೆ ಕೆಡ್ತದೆ. ಅದಕ್ಕೇ ಕತೆ ಮುಗಿಯೋ ಹೊತ್ತಿಗೆ ಎಲ್ಲಾನೂ ಮೊದಲಿದ್ದ ಜಾಗಕ್ಕೆ ತಂದು ಇಡ್ತಾರೆ, ನಾವು ರಾತ್ರಿ ಅಡುಗೆ ಮನೆ ಒರೆಸಿ ಪಾತ್ರೆ ಜೋಡಿಸಿ ಮಲಗ್ತೀವಲ್ಲ, ಹಂಗೆ. ಬೆಳಿಗ್ಗೆ ಎದ್ದವ್ರಿಗೆ ನಿನ್ನೆ ಏನು ಬೇಯಿಸಿದ್ರು ಅಂತ ಗೊತ್ತಾಗಬಾರದು.

ಇದೇನು ಟಿ.ವಿ.ಯವ್ರು ಕಂಡುಹಿಡಿದಿದ್ದಲ್ಲ. ಚಂದಮಾಮ ಓದಿದವ್ರಿಗೆ ಬೇತಾಳ ಗೊತ್ತಲ್ಲ? ವಿಕ್ರಮ ಹೆಣ ಹೊತ್ಕೊಂಡು ಬರ್ತಾನೆ, ಬೇತಾಳ ಕತೆ ಹೇಳ್ತದೆ, ಪ್ರಶ್ನೆ ಕೇಳ್ತದೆ, ರಾಜ ಬಾಯಿ ಬಿಡ್ತಾನೆ, ಬೇತಾಳ ವಾಪಸ್ ಮರಕ್ಕೆ. ಮುಂದಿನ ತಿಂಗಳ ಪುಸ್ತಕ ತೆಗೆದ್ರೆ ಮತ್ತೆ ಮರದ ಹತ್ರದಿಂದಲೇ ಶುರು. ಹೈಸ್ಕೂಲಲ್ಲಿದ್ದಾಗ ನಾನು ತಿಂಗಳುಗಟ್ಟಲೆ ಓದಿದೀನಿ, ವಿಕ್ರಮನ ಭುಜ ನೋವಾಯ್ತು ಅಂತ ಒಂದು ದಿನಾನೂ ಬರೆದಿರಲಿಲ್ಲ.

ಹಂಗಾದ್ರೆ ವಯಸ್ಸು? ದಿನಾ ಆಗಿದ್ದನ್ನ ಒರೆಸಿ ಹಾಕಿದ್ರೂ ವರ್ಷಕ್ಕೊಂದು ಸಲನಾದ್ರೂ ಬೆಳೆಸಬಹುದಿತ್ತಲ್ಲ ಅಂತ ನೀವು ಕೇಳಬಹುದು. ಇದಕ್ಕೆ ಉತ್ತರ ಹುಡುಕ್ತಾ ಹೋದಾಗ ನನಗೆ ಸಿಕ್ಕಿದ್ದು ಇನ್ನೊಂದು ಕಾರ್ಟೂನಿನ ಕತೆ, ಡೋರೇಮಾನ್‌ದು. ಆ ನೀಲಿ ಬೆಕ್ಕು, ಅಳುಬುರುಕ ನೋಬಿತಾ, ನಮ್ಮ ಮನೆಗಳಲ್ಲಿ ಎಲ್ರಿಗೂ ಗೊತ್ತು. ನಮ್ಮ ದೇಶದಲ್ಲಿ ಹಂಗಾಮ ಚಾನಲ್‌ನಲ್ಲಿ 2005ರಿಂದ ಬರ್ತಾ ಐತೆ. (ಹಿಂದಿಲಿ ನೋಡಿ ನೋಡಿ ನಮ್ಮ ಹೈಕ್ಳು "ಅಜ್ಜಿ, ಬಚಾವೋ" ಅಂತ ಓಡಿ ಬರ್ತವೆ. ಅದು ಬೇರೆ ಗೋಳು, ಇನ್ನೊಂದು ದಿನ ಬರೀತೀನಿ.)

ಡೋರೇಮಾನ್ ಹುಟ್ಟಿದ್ದು ಟಿ.ವಿ.ಲಿ ಅಲ್ಲ, ಜಪಾನಿನ ಮಕ್ಕಳ ಪತ್ರಿಕೆಗಳಲ್ಲಿ. ಅಲ್ಲಿ ಒಂದು ಪ್ರಕಾಶನದವ್ರು ಒಂದೊಂದು ಕ್ಲಾಸಿನ ಮಕ್ಕಳಿಗೂ ಒಂದೊಂದು ಬೇರೆ ಮಾಸಪತ್ರಿಕೆ ಮಾಡ್ತಿದ್ರು. ಒಂದನೇ ಕ್ಲಾಸಿಗೆ ಒಂದು, ಎರಡನೇ ಕ್ಲಾಸಿಗೆ ಒಂದು, ಹಿಂಗೆ. ಇನ್ನೂ ಶಾಲೆಗೆ ಸೇರದ ಪುಟಾಣಿಗಳಿಗೂ ಇತ್ತು. 1970ರ ಜನವರಿ ಸಂಚಿಕೆಯಿಂದ ಇಂಥಾ ಆರು ಪತ್ರಿಕೆಗಳಲ್ಲಿ ಒಟ್ಟಿಗೇ ಡೋರೇಮಾನ್ ಶುರುವಾಯ್ತು: ಶಾಲೆಗೆ ಮುಂಚಿನವು ಎರಡು, ಒಂದರಿಂದ ನಾಲ್ಕನೇ ಕ್ಲಾಸಿನವು ನಾಲ್ಕು. ಬರೆಯೋರು ಫುಜಿಕೊ ಫುಜಿಯೋ ಅನ್ನೋ ಹೆಸರಲ್ಲಿ ಬರೀತಿದ್ದ ಹಿರೋಶಿ ಫುಜಿಮೋಟೋ. ಒಂದೇ ಕತೆಯನ್ನ ಆರು ಕಡೆ ಹಾಕ್ತಿರಲಿಲ್ಲ, ಒಂದೊಂದು ವಯಸ್ಸಿಗೆ ತಕ್ಕಂಗೆ ಬೇರೆ ಬೇರೆ ಕತೆ ಬರೀತಿದ್ರು.

ಈಗ ಯೋಚನೆ ಮಾಡಿ. ಜಪಾನಲ್ಲಿ ಶಾಲೆ ವರ್ಷ ಏಪ್ರಿಲ್‌ಗೆ ಶುರು, ಮಾರ್ಚ್‌ಗೆ ಮುಗೀತದೆ. ನಾಲ್ಕನೇ ಕ್ಲಾಸಿನ ಪತ್ರಿಕೆ ಓದೋ ಮಗು ಏಪ್ರಿಲ್ ಬಂದ್ರೆ ಐದನೇ ಕ್ಲಾಸಿಗೆ ಹೋಗ್ತದೆ, ಆ ಪತ್ರಿಕೆ ಬಿಡ್ತದೆ. ಐದನೇ ಕ್ಲಾಸಿನ ಪತ್ರಿಕೇಲಿ ಆವಾಗ ಡೋರೇಮಾನ್ ಇರಲಿಲ್ಲ. ಅದೇ ತಿಂಗಳು ಕೆಳಗಿನ ಕ್ಲಾಸಿಂದ ಹೊಸ ಮಕ್ಕಳು ಬರ್ತವೆ. ಅಂದ್ರೆ ವರ್ಷಾ ವರ್ಷಾ ಓದೋರು ಬದಲಾಗ್ತಾರೆ, ಕತೆ ಅಲ್ಲೇ ಇರ್ತದೆ. ನೋಬಿತಾನ ಬೆಳೆಸಿದ್ರೆ ಯಾರಿಗೋಸ್ಕರ ಬೆಳೆಸೋದು? ಈ ವರ್ಷದ ಮಕ್ಕಳಿಗೆ ಸರಿ ಅನ್ನಿಸಿದ್ದು ಮುಂದಿನ ವರ್ಷದ ಮಕ್ಕಳಿಗೆ ದೊಡ್ಡಣ್ಣ ಆಗಿಬಿಡ್ತದೆ. ಗುಬ್ಬಿಲಿ ನನ್ನ ತಮ್ಮನ ಹೆಂಡ್ತಿ ಅಂಗನವಾಡಿ ಟೀಚರು, ಅವಳಿಗೆ ಇದನ್ನ ಹೇಳಿದಾಗ ನಕ್ಕುಬಿಟ್ಟಳು. "ನನ್ನ ಕೈಲಿ ಇಪ್ಪತ್ತು ವರ್ಷದಿಂದ ಮೂರು ವರ್ಷದ ಮಕ್ಕಳೇ ಇರೋದು ಅತ್ತಿಗೆ, ನನ್ನ ಅಂಗನವಾಡಿಗೂ ವಯಸ್ಸಾಗಲ್ಲ" ಅಂದಳು. ನಾನು ಪುಟಗಟ್ಟಲೆ ಬರೆಯೋದನ್ನ ಅವಳು ಒಂದು ಮಾತಲ್ಲಿ ಹೇಳಿದಳು.

ಆ ಬರೆಯೋರಿಗೆ ಬಿಟ್ಟು ಹೋಗೋ ಮಕ್ಕಳ ಮೇಲೆ ಕನಿಕರ ಇತ್ತು ಅನ್ಸುತ್ತೆ. 1971ರ ಮಾರ್ಚಿಯಲ್ಲಿ, ಮತ್ತೆ 1972ರ ಮಾರ್ಚಿಯಲ್ಲಿ, ನಾಲ್ಕನೇ ಕ್ಲಾಸಿನ ಪತ್ರಿಕೇಲಿ ಡೋರೇಮಾನ್ ನೋಬಿತಾನ ಬಿಟ್ಟು ಹೊರಟು ಹೋಗೋ ಕತೆ ಬರೆದ್ರು, ಒಂದೊಂದು ಸಲ ಒಂದೊಂದು ಕಾರಣ ಕೊಟ್ಟು. ಆ ಮಕ್ಕಳಿಗೆ ಅದು ಬೀಳ್ಕೊಡುಗೆ. ಅದೇ ಹೊತ್ತಲ್ಲಿ ಕೆಳಗಿನ ಕ್ಲಾಸಿನ ಪತ್ರಿಕೆಗಳಲ್ಲಿ ಡೋರೇಮಾನ್ ಎಂದಿನಂಗೆ ಇದ್ದ.

1974ರಲ್ಲಿ ಬರೆದ ಬೀಳ್ಕೊಡುಗೆ ಮಾತ್ರ ಇವೆರಡಕ್ಕಿಂತ ಜಾಸ್ತಿ ಪ್ರಸಿದ್ಧಿ. ಅದನ್ನ ಸ್ವಲ್ಪ ವಿವರವಾಗೇ ಹೇಳ್ತೀನಿ, ಯಾಕಂದ್ರೆ ನನ್ನ ಮಾತೆಲ್ಲಾ ಅದರ ಮೇಲೇ ನಿಂತೈತೆ. ಡೋರೇಮಾನ್ ತನ್ನ ಕಾಲಕ್ಕೆ ವಾಪಸ್ ಹೋಗಲೇಬೇಕು ಅಂತ ಆಗ್ತದೆ. ನೋಬಿತಾನ ಒಬ್ಬನೇ ಬಿಟ್ಟು ಹೋಗೋದು ಹೆಂಗೆ ಅಂತ ಅದಕ್ಕೆ ಸಂಕಟ. ಆ ರಾತ್ರಿ ಹೊರಗೆ ಹೋದ ನೋಬಿತಾಗೆ, ನಿದ್ದೆಗಣ್ಣಲ್ಲಿ ಅಡ್ಡಾಡ್ತಿದ್ದ ದಾಂಡಿಗ ಜಿಯಾನ್ ಎದುರಾಗ್ತಾನೆ, ಹೊಡೆದಾಟ ಶುರುವಾಗ್ತದೆ. ನೋಬಿತಾ ಯಾವತ್ತೂ ಏಟು ಬಿದ್ದ ತಕ್ಷಣ ಡೋರೇಮಾನ್ ಅಂತ ಕೂಗ್ಕೊಂಡು ಓಡೋನು. ಅವತ್ತು ಕೂಗಲ್ಲ. ಏಟು ತಿಂತಾನೆ, ಬೀಳ್ತಾನೆ, ಮತ್ತೆ ಎದ್ದು ಹೋಗಿ ಹಿಡ್ಕೊಳ್ತಾನೆ. ನಾನೊಬ್ಬನೇ ಗೆಲ್ಲದೆ ಇದ್ರೆ ಅದು ನಿಶ್ಚಿಂತೆಯಾಗಿ ಹೋಗಲ್ಲ ಅನ್ನೋದು ಅವನ ಹಟ. ಕೊನೆಗೆ ಜಿಯಾನ್‌ಗೇ ಸಾಕಾಗಿ ಸೋತೆ ಅಂದು ಹೋಗ್ತಾನೆ. ಡೋರೇಮಾನ್ ಅವನನ್ನ ಮನೆಗೆ ಕರ್ಕೊಂಡು ಬಂದು ಮಲಗಿಸ್ತದೆ, ಬೆಳಗಾಗೋ ಹೊತ್ತಿಗೆ ಇರಲ್ಲ.

ಇದು ನಿಜವಾಗ್ಲೂ ಬೆಳೆದಿದ್ದು ಅಲ್ವಾ? ವಯಸ್ಸು ಅಂದ್ರೆ ಮೀಸೆ ಬರೋದಲ್ಲ, ಇದು.

ಆದ್ರೆ ಮುಂದಿನ ತಿಂಗಳೇ, 1974ರ ಏಪ್ರಿಲ್‌ನಲ್ಲಿ, ಡೋರೇಮಾನ್ ವಾಪಸ್ ಬಂತು. ಬಿಟ್ಟು ಹೋಗಿದ್ದ ಪೆಟ್ಟಿಗೇಲಿ ಒಂದು ಔಷಧಿ ಇತ್ತು, ಕುಡಿದವ್ರು ಆಡಿದ ಮಾತು ಸುಳ್ಳಾಗ್ತದೆ. ನೋಬಿತಾ ಅದನ್ನ ಕುಡಿದು, ಡೋರೇಮಾನ್ ಇನ್ನು ಬರಲ್ಲ ಅಂತ ದುಃಖದಲ್ಲಿ ಅಂದ, ಆ ಮಾತೂ ಸುಳ್ಳಾಯ್ತು. ಜಾಣತನದ ಕತೆಯೇ, ಇಲ್ಲ ಅನ್ನಲ್ಲ. ಆದ್ರೆ ಅದರ ಆಚೆ ಏನಾಯ್ತು ನೋಡಿ. ಜಿಯಾನ್‌ನ ಒಬ್ಬನೇ ಸೋಲಿಸಿದ್ದ ಹುಡುಗ ಆಮೇಲಿನ ಕತೆಗಳಲ್ಲಿ ಮತ್ತೆ ಏಟು ತಿಂದು ಅಳ್ತಾ ಮನೆಗೆ ಓಡಿ ಬಂದ. ಇವತ್ತಿಗೂ ಓಡಿ ಬರ್ತಾನೇ ಅವ್ನೆ. ಅವನು ಸಂಪಾದಿಸಿದ ಧೈರ್ಯನೂ ಮುರಿದ ಕಾಲಿನಂಗೇ ಒರೆಸಿಹೋಯ್ತು.

ಇಲ್ಲಿಗೆ ಬಂದ್ಮೇಲೆ ನನಗೆ ಅರ್ಥ ಆಗಿದ್ದು ಏನಂದ್ರೆ, ಚಾನಲ್, ಪತ್ರಿಕೆ, ವ್ಯಾಪಾರ ಎಲ್ಲಾ ಮೇಲಿನ ಕಾರಣ. ಒಳಗಿನ ಕಾರಣ ಬೇರೆ ಐತೆ. ಆ ಪಾತ್ರದ ಕೊರತೆಯೇ ಕತೆಯ ಒಲೆಗೆ ಸೌದೆ. ನೋಬಿತಾ ಓದೋಕೆ ಕೂತರೆ, ಎದುರು ನಿಲ್ಲೋಕೆ ಕಲಿತರೆ, ಡೋರೇಮಾನ್ ಹೊಟ್ಟೆ ಜೇಬಿಂದ ಏನೂ ತೆಗೆಯೋ ಅಗತ್ಯ ಬೀಳಲ್ಲ. ಕಾಲಿಯಾ ಒಂದು ದಿನ ಬುದ್ಧಿ ಕಲಿತು ಭೀಮನ ಪಕ್ಕ ಕೂತು ಅರ್ಧ ಲಾಡು ಹಂಚ್ಕೊಂಡು ತಿಂದ್ರೆ, ನಾಳೆ ಬೆಳಿಗ್ಗೆ ಢೋಲಕ್‌ಪುರದಲ್ಲಿ ಜಗಳ ಎಲ್ಲಿಂದ ತರೋದು? ಪಾತ್ರ ಸುಧಾರಿಸಿದ ದಿನ ಒಲೆ ಆರ್ತದೆ.

ವ್ಯಾಪಾರದ ವಿಷಯ ಜಾಸ್ತಿ ಹೇಳಬೇಕಾಗಿಲ್ಲ. ಗುಬ್ಬಿ ಜಾತ್ರೇಲಿ, ತುಮಕೂರಿನ ಅಂಗಡಿಗಳಲ್ಲಿ ಬ್ಯಾಗು, ನೀರಿನ ಬಾಟ್ಲಿ, ಟಿಫನ್ ಡಬ್ಬಿ ಮೇಲೆಲ್ಲಾ ಅದೇ ಮುಖ. ಮುಖ ಬದಲಾದ್ರೆ ಡಬ್ಬಿ ಹೋಗಲ್ಲ. ಭೀಮನ ಬೇರೆ ವಯಸ್ಸು ತೋರಿಸೋಕೆ ಹೊರಟಾಗಲೂ ಇವನನ್ನ ಮುಟ್ಟಲಿಲ್ಲ ನೋಡಿ. 2019ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಮೈಟಿ ಲಿಟಲ್ ಭೀಮ್ ಅಂತ ಬೇರೆ ಸರಣಿ ಮಾಡಿದ್ರು, ಅದರಲ್ಲಿ ಭೀಮ ಇನ್ನೂ ಅಂಬೆಗಾಲಿಡೋ ಕೂಸು. ಮುಂದಕ್ಕೆ ಹೋಗೋ ಬದಲು ಹಿಂದಕ್ಕೆ ಹೋದ್ರು! 2024ರಲ್ಲಿ ನಿಜವಾದ ಮಕ್ಕಳನ್ನ ಹಾಕಿ ಛೋಟಾ ಭೀಮ್ ಸಿನಿಮಾನೂ ಬಂತು. ಆ ಮಕ್ಕಳು ಈ ಹೊತ್ತಿಗೆ ಎಷ್ಟು ಉದ್ದ ಆಗವ್ರೋ.

ವಯಸ್ಸಾಗೋದು ಬೊಂಬೆ ಹಿಂದಿರೋ ಮನುಷ್ಯರಿಗೆ. ಜಪಾನಿ ಭಾಷೇಲಿ ಡೋರೇಮಾನ್‌ಗೆ 1979ರಿಂದ 2005ರವರೆಗೆ ದನಿ ಕೊಟ್ಟವರು ನೊಬುಯೊ ಓಯಾಮ ಅನ್ನೋ ಹೆಣ್ಣುಮಗಳು. ಇಪ್ಪತ್ತಾರು ವರ್ಷ ಅದೇ ಬೆಕ್ಕಿನ ದನಿ. 2005ರಲ್ಲಿ ದನಿ ಕೊಡೋ ಮುಖ್ಯ ಕಲಾವಿದರನ್ನೆಲ್ಲಾ ಒಟ್ಟಿಗೆ ಬದಲಾಯಿಸಿದ್ರು, ಆಕೆ 2024ರಲ್ಲಿ ತೊಂಬತ್ತನೇ ವಯಸ್ಸಲ್ಲಿ ತೀರಿಕೊಂಡ್ರು. ಕತೆ ಬರೆದ ಫುಜಿಮೋಟೋ 1996ರಲ್ಲೇ ಹೋದ್ರು. ನೋಬಿತಾ ಇನ್ನೂ ಹೋಂವರ್ಕ್ ಮಾಡಿಲ್ಲ.

ಈಗ ನನ್ನ ಅಭಿಪ್ರಾಯಕ್ಕೆ ಬರ್ತೀನಿ. ಏಟಿನ ಗುರುತು ಉಳಿಯದೆ ಇರೋದ್ರಿಂದ ಮಕ್ಕಳು ಹೊಡೆದಾಟ ಕಲೀತವೆ ಅಂತ ನಮ್ಮ ಕಡೆ ಬಹಳ ಜನ ಬೈತಾರೆ. ನನಗೆ ಅಷ್ಟು ಭಯ ಇಲ್ಲ. ಅಂಗಳದಲ್ಲಿ ಒಂದು ಸಲ ಮಂಡಿ ತರಚಿಸ್ಕೊಂಡ ಮಗೂಗೆ ನಿಜವಾದ ರಕ್ತಕ್ಕೂ ಟಿ.ವಿ. ಏಟಿಗೂ ವ್ಯತ್ಯಾಸ ಗೊತ್ತಾಗ್ತದೆ. ಏನೇ ಆದ್ರೂ ಕೊನೆಗೆ ಎಲ್ಲಾ ಸರಿ ಹೋಗ್ತದೆ, ನಾಳೆ ಭೀಮ ಅಲ್ಲೇ ಇರ್ತಾನೆ ಅನ್ನೋದು ಸಣ್ಣ ಮಕ್ಕಳಿಗೆ ಒಂದು ಸಮಾಧಾನ. ಅವಕ್ಕೆ ಒಂದೇ ಕತೆ ನೂರು ಸಲ ಬೇಕು, ಒಂದು ಪದ ಬದಲಾಯಿಸಿದ್ರೂ ಜಗಳ ತೆಗೀತವೆ, ಕತೆ ಹೇಳಿದ ಅಜ್ಜಿಯರಿಗೆಲ್ಲಾ ಗೊತ್ತಿರೋ ವಿಷಯ. ಭೀಮ ಟುನ್‌ಟುನ್ ಮೌಸಿ ಅಂಗಡಿ ಲಾಡು ಕದ್ದಿದ್ದು ಮಾರನೇ ದಿನ ಮರೆತು ಹೋಗೋದು ನನಗೇನೂ ಕೆಟ್ಟದ್ದಾಗಿ ಕಾಣಲ್ಲ. ನಮ್ಮ ಮನೇಲೂ ಮರೀತೀವಿ.

ನನ್ನ ತಕರಾರು ಕಾಲಿಯಾ ವಿಷಯದಲ್ಲಿ. ಆ ಹುಡುಗ ದಪ್ಪ, ಮೈಬಣ್ಣ ಕಪ್ಪು, ಹೆಸರೇ ಕಪ್ಪಗಿರೋನು ಅಂತ. ಅವನಿಗೆ ಹೊಟ್ಟೆಬಾಕತನ, ಹೊಟ್ಟೆಕಿಚ್ಚು, ಹೇಡಿತನ ಎಲ್ಲಾ ಕಟ್ಟವ್ರೆ. 2008ರಿಂದ ಅವನು ಸೋಲ್ತಾನೇ ಅವ್ನೆ. ಆಗಾಗ ಒಂದು ಕತೇಲಿ ಒಳ್ಳೇದು ಮಾಡ್ತಾನೆ, ಎಲ್ರೂ ಭೇಷ್ ಅಂತಾರೆ, ಮುಂದಿನ ಕತೇಲಿ ಆ ಒಳ್ಳೇದಕ್ಕೆ ಲೆಕ್ಕ ಇಲ್ಲ. ಭೀಮನಿಗೆ ಕಾಲ ನಿಂತ್ರೆ ಅವನು ಯಾವಾಗ್ಲೂ ಗೆದ್ದವನಾಗೇ ನಿಂತಿರ್ತಾನೆ, ನಷ್ಟ ಇಲ್ಲ. ಕಾಲಿಯಾಗೆ ಕಾಲ ನಿಂತ್ರೆ ಅದು ಜೀವಾವಧಿ ಶಿಕ್ಷೆ. ಒಂದೇ ಗಡಿಯಾರ ಒಬ್ಬನಿಗೆ ವರ, ಒಬ್ಬನಿಗೆ ಶಾಪ.

ಬೊಂಬೆಗೆ ಶಿಕ್ಷೆಯಾದ್ರೆ ಯಾರಿಗೇನು ಅಂತೀರಾ? ಕುಣಿಗಲ್‌ನಲ್ಲಿ ನಮ್ಮ ನಾದಿನಿ ಮೊಮ್ಮಗ ಅವ್ನೆ, ಎಂಟು ವರ್ಷ, ಸ್ವಲ್ಪ ಮೈ ಕೈ ತುಂಬಿಕೊಂಡ ಹುಡುಗ. ರಜಾದಲ್ಲಿ ಹೈಕ್ಳೆಲ್ಲಾ ಸೇರಿದಾಗ ಭೀಮನ ಆಟ ಆಡಿದ್ವು. ಯಾರು ಭೀಮ, ಯಾರು ಚುಟ್ಕಿ ಅಂತ ಜಗಳ ಆಯ್ತು. ಕಾಲಿಯಾ ಯಾರು ಅನ್ನೋದಕ್ಕೆ ಮಾತ್ರ ಜಗಳವೇ ಆಗಲಿಲ್ಲ. ಆಟ ಮುಗೀತು, ರಜಾ ಮುಗೀತು, ಹೆಸರು ಮುಗೀಲಿಲ್ಲ. ಬೀದಿಲಿ ಕಾಲಿಯಾ, ಶಾಲೆಲಿ ಕಾಲಿಯಾ, ಊಟಕ್ಕೆ ಕೂತ್ರೆ ಚಿಕ್ಕಪ್ಪನೇ "ಏನೋ ಕಾಲಿಯಾ, ಇನ್ನೊಂದು ಮುದ್ದೆ ಬೇಕೇನೋ" ಅಂತ ನಗೋದು. ಹುಡುಗ ತಟ್ಟೆ ಬಿಟ್ಟು ಎದ್ದು ಹೋಗೋಕೆ ಶುರು ಮಾಡಿದ. ಓಟದಲ್ಲಿ ಎರಡನೇ ಬಹುಮಾನ ತಂದ, ಅವತ್ತು ಒಂದು ದಿನ ಎಲ್ರೂ ಬೆನ್ನು ತಟ್ಟಿದ್ರು, ಮಾರನೇ ದಿನ ಮತ್ತೆ ಕಾಲಿಯಾನೇ. ಥೇಟ್ ಆ ಕಾರ್ಟೂನಿನಂಗೆ, ಅವನು ಸಂಪಾದಿಸಿದ್ದೂ ರಾತ್ರಿ ಕಳೆಯೋದ್ರೊಳಗೆ ಒರೆಸಿಹೋಯ್ತು.

ಕಾರ್ಟೂನ್ ನಿಲ್ಲಿಸಿ ಅಂತ ನಾನು ಹೇಳಲ್ಲ, ನಿಲ್ಲಿಸಿದ್ರೆ ನಿಲ್ಲೋದೂ ಇಲ್ಲ. ಕತೆ ಕಟ್ಟೋರಿಗೆ ಕಾಲಿಯಾನ ಹಂಗೇ ಇಡೋದು ಅನಿವಾರ್ಯ, ಅವರ ಒಲೆ ಉರೀಬೇಕು. ನಮಗೆ ಆ ಅನಿವಾರ್ಯ ಇಲ್ಲ. ಬೇಸಿಗೇಲಿ ಕುಣಿಗಲ್‌ಗೆ ಹೋದಾಗ ನಾನು ಮಕ್ಕಳನ್ನ ಕೂರಿಸ್ಕೊಂಡು ನೋಬಿತಾ ಆ ರಾತ್ರಿ ಜಿಯಾನ್‌ನ ಸೋಲಿಸಿದ ಕತೆ ಹೇಳಿದೆ, ವಾಪಸ್ ಬಂದ ಕತೆ ಹೇಳಲಿಲ್ಲ. ಕಾಲಿಯಾ ಅನ್ನಿಸ್ಕೊಳ್ಳೋ ಹುಡುಗ ಕೇಳಿದ್ದು ಒಂದೇ ಪ್ರಶ್ನೆ: "ಅಜ್ಜಿ, ಮಾರನೇ ದಿನಾನೂ ಜಿಯಾನ್ ಅವನಿಗೆ ಹೆದರ್ತಿದ್ನಾ?" ಅವರ ಚಿಕ್ಕಪ್ಪ ಅಲ್ಲೇ ಬಾಗಿಲ ಹತ್ರ ನಿಂತಿದ್ದ. ಹೌದು ಕಣಪ್ಪ, ಹೆದರ್ತಿದ್ದ ಅಂದೆ. ನಮ್ಮ ನಾದಿನಿ ಈಗ ಒಂದು ಕಾನೂನು ಮಾಡವ್ಳೆ, ಆ ಹೆಸರು ಹಿಡಿದು ಕರೆದವ್ರಿಗೆ, ಮಗನಾಗಲಿ ಮೊಮ್ಮಗನಾಗಲಿ, ಅವತ್ತು ಮುದ್ದೆಗೆ ಸಾರು ಇಲ್ಲ.